ನೀಲಮ್ಮನವರು ಇನ್ನೂ ಓದಿರದ ಪುಟ

ಬುಧವಾರ ಬೆಳಿಗ್ಗೆ ಅಂಗಡಿಗೆ ಕಾಲಿಟ್ಟಾಗ ನೀಲಮ್ಮನವರು ಒಂದು ಹೊಸ ನೀಲಿ ಟಬ್ಬನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು.

"ನೋಡೇ ಸುಮಾ, ಹೆಂಗಿದೆ? ಸೀಗೇಕಾಯಿ ಹಾಕಿಡಕ್ಕೆ ಆಗುತ್ತೆ. ಒಂದ್ರೂಪಾಯ್ ಕೊಟ್ಟಿಲ್ಲ."

"ಯಾರ್ ಕೊಟ್ರಮ್ಮಾ ಸುಮ್ನೆ?"

"ಹಳೇ ಮೊಬೈಲ್ ತಗೊಂಡು ಟಬ್ ಕೊಡ್ತಾನಲ್ಲ, ಆಟೋದಲ್ಲಿ ಮೈಕ್ ಹಾಕ್ಕೊಂಡು ಬರ್ತಾನಲ್ಲ, ಅವ್ನು. ಕರ್ಪೂರದ ಡಬ್ಬದ ಹಿಂದೆ ಒಂದು ಕೆಟ್ಟೋಗಿರೋ ಫೋನ್ ಬಿದ್ದಿತ್ತು. ಗಾಜೆಲ್ಲ ಒಡ್ದಿತ್ತು, ಒತ್ತಿದ್ರೆ ಜೀವಾನೇ ಇಲ್ಲ. ಕೊಟ್ಟು ಕಳಿಸ್ದೆ."

ನನ್ನ ಕೈಯಲ್ಲಿದ್ದ ಚೀಲ ಅಲ್ಲೇ ಕೌಂಟರಿನ ಮೇಲೆ ಬಿತ್ತು. ಅದು ಕೆಟ್ಟ ಫೋನಲ್ಲ. ಆಯುಧಪೂಜೆಗೆಂದು ಹಿಂದಿನ ದಿನ ಧೂಳು ಹೊಡೆಯಲು ಬಂದವರು ಅದರ ಕವರೂ ಚಾರ್ಜರೂ ಕಿತ್ತಿಟ್ಟಿದ್ದರು, ಬ್ಯಾಟರಿ ಮುಗಿದಿತ್ತು, ಅಷ್ಟೇ. ಕವರಿಲ್ಲದೆ ಕಪ್ಪಾಗಿ ಬಿದ್ದಿದ್ದ ಅದು ನೀಲಮ್ಮನವರಿಗೆ ಗುರುತೇ ಸಿಕ್ಕಿರಲಿಲ್ಲ. ಅಂಗಡಿಯ ಸಿಮ್ ಇದ್ದದ್ದು ಅದರಲ್ಲಿ. ಗಿರಾಕಿಗಳೆಲ್ಲ ಪಟ್ಟಿ ಕಳಿಸುವ ವಾಟ್ಸ್ಆ್ಯಪ್ ಇದ್ದದ್ದು ಅದರಲ್ಲಿ. ಯಾವ ಖಾತೆ ತೆಗೆಯಬೇಕೆಂದರೂ ಓಟಿಪಿ ಬಂದು ಬೀಳುತ್ತಿದ್ದದ್ದು ಅದಕ್ಕೇ. ಎಲ್ಲರೂ ಮುಟ್ಟುವ ಫೋನೆಂದು ಅದಕ್ಕೊಂದು ಲಾಕ್ ಕೂಡ ಇರಲಿಲ್ಲ. ಎಲ್ಲೋ ಒಬ್ಬ ಅದಕ್ಕೆ ಚಾರ್ಜರ್ ಚುಚ್ಚಿದರೆ ಸಾಕು, ಇಡೀ ಅಂಗಡಿ ಅವನ ಅಂಗೈಯಲ್ಲಿ.

ನೀಲಮ್ಮನವರ ಕಥೆ ಹೇಳಬೇಕೆಂದರೆ ಈ ಫೋನಿನಿಂದಲೇ ಶುರು ಮಾಡಬೇಕು. ಅವರು ಹೇಗೆ ಕೆಲಸ ಮಾಡುತ್ತಾರೆಂಬುದು ನನಗೆ ಪೂರ್ತಿ ಅರ್ಥವಾದದ್ದು ಆ ದಿನವೇ.

ಪೂಜೆ ಸಾಮಾನು, ಬೇರು-ನಾರು ಮಾರುವ ಬಸವೇಶ್ವರನಗರದ ಆ ಗ್ರಂಥಿಗೆ ಅಂಗಡಿಗೆ ನಾನು ಮೊದಲು ಹೋದದ್ದು ಗಿರಾಕಿಯಾಗಿ. ಪುಟ್ಟಿ ಆಗ ಕೈಗೂಸು. ಮಗುವಿಗೆ ತೇಯ್ದು ನೆಕ್ಕಿಸಲು ಬಜೆ, ಜಾಕಾಯಿ ಬೇಕಿತ್ತು. ಗಲ್ಲಾದಲ್ಲಿದ್ದ ಚನ್ನಮಲ್ಲಪ್ಪನವರು ಪೊಟ್ಟಣ ಕಟ್ಟುತ್ತಿದ್ದರೆ, ಒಳಗಿನಿಂದ ಅವರ ಹೆಂಡತಿ ಬಂದು ಅದನ್ನು ಬಿಚ್ಚಿ, ಬಜೆಯ ಕೊಂಬನ್ನು ಮೂಗಿನ ಹತ್ತಿರ ಹಿಡಿದು, "ಇದು ಹಳೇದು, ಬಾಣಂತಿಗೆ ಕೊಡ್ಬೇಡಿ" ಎಂದು ಬೇರೆ ತೆಗೆದುಕೊಟ್ಟರು. ಹಾಗೆ ಶುರುವಾದ ಪರಿಚಯ. ಪುಟ್ಟಿ ಪ್ಲೇಹೋಮಿಗೆ ಹೋಗಲು ಶುರುಮಾಡಿದ ಮೇಲೆ, ಬಿಕಾಂ ಓದಿದ ನಾನು ಮಧ್ಯಾಹ್ನದವರೆಗೆ ಅಲ್ಲಿ ಬಿಲ್ಲಿಂಗು, ಜಿಎಸ್‌ಟಿ, ಕಂಪ್ಯೂಟರು ನೋಡಿಕೊಳ್ಳತೊಡಗಿದೆ.

ನೀಲಮ್ಮನವರು ಹರಿಹರದ ಕಡೆಯವರು. ಮದುವೆಯಾಗಿ ಬಂದಾಗ ಚನ್ನಮಲ್ಲಪ್ಪನವರು ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರಂತೆ. ನೌಕರಿಯಲ್ಲಿರುವವರು ವ್ಯಾಪಾರ ಮಾಡುವಂತಿಲ್ಲವೆಂದು ಅಂಗಡಿಯನ್ನು ಹೆಂಡತಿಯ ಹೆಸರಿನಲ್ಲಿ ತೆರೆದರು. ಲೈಸೆನ್ಸು, ಬ್ಯಾಂಕ್ ಖಾತೆ, ಕೊನೆಗೆ ಅಂಗಡಿಯ ಸಿಮ್ಮು ಕೂಡ ನೀಲಮ್ಮನವರ ಆಧಾರ್ ಮೇಲೆಯೇ. ಆದರೆ ಅವರ ಕೆಲಸ ಒಳಕೋಣೆಯಲ್ಲಿ: ಅರಿಶಿನ ಜರಡಿ ಹಿಡಿಯುವುದು, ಕುಂಕುಮ ತುಂಬುವುದು, ಸೀಗೇಪುಡಿ ಹದ ಮಾಡುವುದು. ಗಲ್ಲಾದಲ್ಲಿ ಮೊದಲು ಸಂಜೆ ಹೊತ್ತು, ನಿವೃತ್ತಿಯಾದ ಮೇಲೆ ದಿನವಿಡೀ ಗಂಡನೇ; ಅವರು ಕೂತದ್ದೇ ಇಲ್ಲ. "ಹೆಸ್ರು ನಂದು, ಕುರ್ಚಿ ಅವರ್ದು" ಎಂದು ನಗುತ್ತಿದ್ದರು.

ಈ ಸಲ ನವರಾತ್ರಿಗೆ ಸ್ವಲ್ಪ ಮುಂಚೆ ಚನ್ನಮಲ್ಲಪ್ಪನವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ರಾಜಾಜಿನಗರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅದೇ ಹೊತ್ತಿಗೆ ನಾವು ಬ್ಯಾಡರಹಳ್ಳಿಯಲ್ಲಿ ಕೊಂಡ ಮನೆಗೆ ಹೋಗುವ ದಿನವೂ ಹತ್ತಿರ ಬಂದಿತ್ತು. ಅಷ್ಟು ದೂರದಿಂದ ಮಗುವನ್ನು ಕರೆದುಕೊಂಡು ದಿನಾ ಬರುವುದು ನನ್ನಿಂದಾಗದು. ಆಸ್ಪತ್ರೆಯ ಮಂಚದ ಮೇಲಿಂದ ಚನ್ನಮಲ್ಲಪ್ಪನವರು ಹೇಳಿಬಿಟ್ಟಿದ್ದರು: "ಸುಮಾನೂ ಹೋಗ್ತಾಳೆ. ನಿಂಗೆ ಆ ಕಂಪ್ಯೂಟರ್ ಗಿಂಪ್ಯೂಟರ್ ಆಗಲ್ಲ ನೀಲಾ. ದಸರಾ ಮುಗೀಲಿ, ಅಂಗಡಿ ಬಾಡಿಗೆಗೆ ಕೊಟ್ಬಿಡೋಣ."

ಆಟೋದಲ್ಲಿ ವಾಪಸ್ ಬರುವಾಗ ನೀಲಮ್ಮನವರು ನನ್ನ ಕಡೆ ತಿರುಗಿ, "ಏನೇನಿದೆ ಎಲ್ಲ ಬರ್ದು ಕೊಡೇ. ನಾನ್ ಕಲೀತೀನಿ" ಎಂದರು.

ಹಾಗೆ ನಾನು ಹ್ಯಾಂಡೋವರ್ ನೋಟ್ ಬರೆಯಲು ಕೂತೆ. ದಿನಚರಿ ಬರೆಯುವ ಅಭ್ಯಾಸವಿದ್ದುದರಿಂದ ಬರೆಯುವುದು ಕಷ್ಟವಾಗಲಿಲ್ಲ, ನೆನಪಿಸಿಕೊಳ್ಳುವುದು ಕಷ್ಟವಾಯಿತು. ಒಂದು ಚಿಕ್ಕ ಅಂಗಡಿಗೆ ಹೊರಗಿನಿಂದ ಎಷ್ಟು ಬಾಗಿಲುಗಳು! ಮನೆಯಿಂದಲೇ ಬಿಲ್ಲಿಂಗ್ ಕಂಪ್ಯೂಟರನ್ನು ತೆರೆಯುವ ಆ್ಯಪು. ಸಾಫ್ಟ್‌ವೇರ್ ರಿಪೇರಿಗೆ ಯಶ್ವಂತ್ ಎನ್ನುವ ಹುಡುಗ ತನ್ನ ಆಫೀಸಿನಿಂದ ಒಳಬರುವುದೂ ಅದರಲ್ಲೇ. ಸಿಸಿ ಕ್ಯಾಮೆರಾವನ್ನು ಮೊಬೈಲಿನಲ್ಲಿ ನೋಡುವ ಆ್ಯಪು ಇನ್ನೊಂದು. ವೈಫೈ ಪೆಟ್ಟಿಗೆಯ ಒಳಗಿನ ಸೆಟ್ಟಿಂಗು. ಬಿಲ್ಲುಗಳ ಪ್ರತಿ ಹೋಗಿ ಕೂರುವ ಗೂಗಲ್ ಖಾತೆ. ವಾಟ್ಸ್ಆ್ಯಪ್ಪು, ಯುಪಿಐ, ಜಿಎಸ್‌ಟಿ. ಒಂದೊಂದಕ್ಕೂ ಯಾರು ಯಾರು ಒಳಬರಬಹುದು, ಪಾಸ್‌ವರ್ಡ್ ಮರೆತರೆ ಯಾವ ದಾರಿ, ಓಟಿಪಿ ಎಲ್ಲಿಗೆ ಬರುತ್ತದೆ ಎಂದೆಲ್ಲ ಬರೆದೆ. ಪಾಸ್‌ವರ್ಡುಗಳನ್ನು ಮಾತ್ರ ನೋಟಿನಲ್ಲಿ ಬರೆಯಲಿಲ್ಲ. ಅವನ್ನು, ಜೊತೆಗೆ ಗೂಗಲ್ ಖಾತೆಗೆ ಫೋನಿಲ್ಲದೆಯೂ ಹೋಗಲು ಬೇಕಾದ ಬ್ಯಾಕಪ್ ಕೋಡುಗಳನ್ನು ಬೇರೆ ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿದೆ. ಅಂಗಡಿಯ ಮೇಲೇ ಅವರ ಮನೆ. ನೀಲಮ್ಮನವರು ಆ ಲಕೋಟೆಯನ್ನು ದೇವರ ಜಗಲಿಯ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದರು.

ಅವರು ಕಲಿಯುವ ರೀತಿಯೇ ಬೇರೆ. ಓದಿಸಿಕೊಂಡು ತಲೆಯಾಡಿಸುವವರಲ್ಲ. "ಬಾಡಿಗೆ ಮನೆ ಬಿಡೋವಾಗ ಕೀಲಿಗೊಂಚಲು ಕೊಟ್ಬಿಟ್ರೆ ಆಗಲ್ಲಮ್ಮಾ. ಒಂದೊಂದ್ ಬಾಗ್ಲಿಗೂ ಹಾಕಿ, ತೆಗ್ದು, ತೋರಿಸ್ಬೇಕು" ಎನ್ನುತ್ತಿದ್ದರು. ದಿನಕ್ಕೊಂದು ಪುಟ. ಆ ಪುಟದಲ್ಲಿರುವುದನ್ನೆಲ್ಲ ತಮ್ಮ ಕೈಯಿಂದಲೇ ಮಾಡಬೇಕು. ಮಾಡಿಯಾದ ಮೇಲೆ ಸಾಲಿನ ಪಕ್ಕ ಕುಂಕುಮದ ಬೆರಳಿನಿಂದ ಒಂದು ಬೊಟ್ಟು. ಮುಂದಿನ ಪುಟವನ್ನು ಇಣುಕಿ ಕೂಡ ನೋಡುತ್ತಿರಲಿಲ್ಲ.

"ಒಂದ್ಸಲ ಪೂರ್ತಿ ಓದ್ಬಿಡಿ ಅಮ್ಮಾ" ಎಂದರೆ, "ಅಡಿಗೆ ಮಾಡ್ದೆ ಎಲೆ ಹಾಕಲ್ಲ ನಾನು" ಎಂದುಬಿಟ್ಟರು.

ಪಾಸ್‌ವರ್ಡ್ ಬದಲಿಸಿದರು, ಬೊಟ್ಟಿಟ್ಟರು. ಫೋನಿಲ್ಲವೆಂದುಕೊಂಡು ಒಂದು ಬ್ಯಾಕಪ್ ಕೋಡು ಹಾಕಿ ಗೂಗಲ್ ಖಾತೆ ತೆರೆದರು. ಒಮ್ಮೆ ಬಳಸಿದ ಕೋಡು ಮತ್ತೆ ನಡೆಯುವುದಿಲ್ಲ ಎಂದಾಗ, ಅದನ್ನು ಹಾಳೆಯಲ್ಲಿ ಹೊಡೆದುಹಾಕಿದರು. ವಾಟ್ಸ್ಆ್ಯಪ್ಪಿನ ಆರಂಕಿಯ ಪಿನ್ನು ಚನ್ನಮಲ್ಲಪ್ಪನವರಿಗೇ ನೆನಪಿರಲಿಲ್ಲ. ಹೊಸದನ್ನು ನೀಲಮ್ಮನವರೇ ಇಟ್ಟರು. ನನಗೂ ಹೇಳಲಿಲ್ಲ.

"ನೀನ್ ಹೋಗೋಳಲ್ವಾ? ನಿಂಗ್ಯಾಕೆ?"

ಸಿಟ್ಟು ಬರಲಿಲ್ಲ. ನಾನೇ ಬರೆದ ನೋಟಿನಲ್ಲಿ ಒಂದು ಸಾಲಿತ್ತು: 'ಸುಮಾಳ ಪ್ರವೇಶ ತೆಗೆದುಹಾಕಿ.' ಸೋಮವಾರವೇ ನನ್ನ ಮೊಬೈಲಿನಿಂದ ಅಂಗಡಿಯ ಆ್ಯಪುಗಳನ್ನೆಲ್ಲ ತೆಗೆದು, ಅವರ ಎದುರಿಗೇ ತೋರಿಸಿದ್ದೆ. ಅವರು ಬೊಟ್ಟಿಟ್ಟಿದ್ದರು.

ಇನ್ನುಳಿದದ್ದು ಕೊನೆಯ ಪುಟ ಮಾತ್ರ. ಅದರ ತಲೆಬರಹ: 'ಹಳೆಯ ಫೋನು: ಇದೇ ಎಲ್ಲದರ ಬೀಗದ ಕೈ. ಕಳೆದರೆ ಏನು ಮಾಡಬೇಕು.' ಅದು ಗುರುವಾರದ ಪಾಠ. ಟಬ್ಬಿನವನು ಬುಧವಾರ ಬಂದ.

ವಿಷಯ ತಿಳಿಸಿದ ಮೇಲೆ ನೀಲಮ್ಮನವರು ಟಬ್ಬನ್ನು ನಿಧಾನವಾಗಿ ಕೆಳಗಿಟ್ಟರು.

"ಯಾವ್ ಕಡೆ ಹೋದ ಅವ್ನು?" ಎಂದು ಕೇಳಿದೆ.

"ಹೊಸಹಳ್ಳಿ ಕಡೆ. ಆಗ್ಲೇ ಹೊತ್ತಾಯ್ತು ಕಣೇ."

ನಾನು ಚಪ್ಪಲಿ ಮೆಟ್ಟಿಕೊಂಡೆ. "ಆಟೋ ಹಿಡ್ದು ಹೋಗಿ ನೋಡ್ತೀನಿ."

"ನಿಲ್ಲು" ಎಂದರು. "ಹೊಸಹಳ್ಳೀಲಿ ಎಷ್ಟ್ ಗಲ್ಲಿ ಇದಾವೆ? ಅವ್ನ್ ಸಿಗೋವರ್ಗೂ ಇಲ್ಲಿ ಬಾಗ್ಲು ತೆಕ್ಕೊಂಡೇ ಇರುತ್ತಲ್ಲ. ಮೊದ್ಲು ಮುಚ್ಚೋದು ಹೇಳು."

ಸರಿಯೆನಿಸಿತು. ನೋಟಿನ ಕೊನೆಯ ಪುಟ ತೆಗೆದು ಕೌಂಟರಿನ ಮೇಲೆ ಹರಡಿದೆ. ಮೊದಲ ಸಾಲಿಗೆ ಬೆರಳಿಟ್ಟೆ, ಅಷ್ಟರಲ್ಲಿ ನನ್ನ ಮೊಬೈಲು ರಿಂಗಾಯಿತು. ಪ್ಲೇಹೋಮಿನಿಂದ. ಪುಟ್ಟಿಗೆ ಜ್ವರ, ವಾಂತಿ ಮಾಡಿಕೊಂಡಿದ್ದಾಳೆ, ಬೇಗ ಬನ್ನಿ.

ನಾನು ಆ ಪುಟವನ್ನೂ ನೋಡಿದೆ, ನೀಲಮ್ಮನವರ ಮುಖವನ್ನೂ ನೋಡಿದೆ.

"ಹೋಗೇ ತಾಯಿ, ಏನ್ ನೋಡ್ತೀಯ" ಎಂದು ಗದರಿದರು. "ಮಗೂಗಿಂತ ಹೆಚ್ಚಾ ಇದು? ಫೋನಲ್ಲಿ ಇರು, ನಾನ್ ಮಾಡ್ತೀನಿ. ಒಂದ್ ಮಾತ್ ಹೇಳ್ತೀನಿ ಕೇಳು. ನಮ್ ಅಂಗಡಿ ಹೆಸ್ರಲ್ಲಿ ಒಬ್ಬ ಗಿರಾಕಿಗೆ ಮೋಸ ಆದ್ರೂ ನಾನು ಶಟರ್ ಎಳ್ದುಬಿಡ್ತೀನಿ. ಅವ್ರ್ ಹೇಳಿದ್ದೇ ಸರಿ ಅಂತ ಒಪ್ಕೊಂಡು, ಬಾಡಿಗೆಗೆ ಕೊಡ್ತೀನಿ."

ಆಟೋದಲ್ಲಿ ಕೂತೆ. ಕಿವಿಯಲ್ಲಿ ಇಯರ್‌ಫೋನು. ಅತ್ತ ಕಡೆ ನೀಲಮ್ಮನವರ ಸ್ವಂತ ಮೊಬೈಲು ಸ್ಪೀಕರಿನಲ್ಲಿ, ಸಿಮ್ ಕಂಪನಿಗೆ ಕರೆ ಮಾಡಲು ಅಂಗಡಿಯ ಲ್ಯಾಂಡ್‌ಲೈನು. ಸೋಮವಾರ ನನ್ನ ಪ್ರವೇಶ ತೆಗೆಯದೆ ಇದ್ದಿದ್ದರೆ, ಈಗ ಕೂತಲ್ಲಿಂದಲೇ ಅಂಗಡಿಯ ಕಂಪ್ಯೂಟರು ತೆರೆದು ಅರ್ಧ ಕೆಲಸ ಮುಗಿಸಿಬಿಡಬಹುದಿತ್ತು. ಆ ಯೋಚನೆ ಬಂತು. ಹಾಗೆ ಒಂದು ಬಾಗಿಲು ಹೆಚ್ಚಾಗಿ ಉಳಿಯುತ್ತಿತ್ತು, ಅದೂ ನಿಜ.

'ಒಂದು. ಬೇರೆ ಫೋನಿನಿಂದ ಸಿಮ್ ಕಂಪನಿಗೆ ಕರೆ ಮಾಡಿ ಸಿಮ್ ನಿಲ್ಲಿಸಿ. ಸಿಮ್ ನಿಮ್ಮ ಹೆಸರಿನಲ್ಲಿದೆ, ನೀವೇ ಮಾತಾಡಿ.'

ಕಸ್ಟಮರ್ ಕೇರ್ ಹುಡುಗಿ ಕನ್ನಡದಲ್ಲೇ ಕೇಳಿದಳು. ಹೆಸರು ಹೇಳಿದ್ದಾಯಿತು, ವಿಳಾಸ ಹೇಳಿದ್ದಾಯಿತು.

"ಡೇಟ್ ಆಫ್ ಬರ್ತ್ ಹೇಳಿ ಮೇಡಮ್."

"ಶ್ರಾವಣ ಮಾಸ, ಎರಡ್ನೇ ಸೋಮ್ವಾರ" ಎಂದರು ನೀಲಮ್ಮನವರು ಒಂದೇ ಉಸಿರಿನಲ್ಲಿ.

"ಮೇಡಮ್?"

ಆಟೋದಲ್ಲಿ ನಾನು ಕೂಗಿದೆ: "ಅಮ್ಮಾ! ಆಧಾರ್‌ದು ಹೇಳಿ, ಆಧಾರ್‌ದು! ನೋಟಲ್ಲಿ ಬರ್ದಿದೀನಿ!" ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಅಲ್ಲಿ ಹಾಳೆ ಸರಿದಾಡಿದ ಸದ್ದು. ನಾನು ಬರೆದದ್ದು ಹೀಗಿತ್ತು: 'ಹುಟ್ಟಿದ ದಿನ ಕೇಳಿದರೆ ಜನವರಿ ಒಂದು. ನಿಜವಾದದ್ದು ಹೇಳಬೇಡಿ.' ಆಧಾರ್ ಮಾಡಿಸುವಾಗ ತಾರೀಖು ಗೊತ್ತಿಲ್ಲದವರಿಗೆಲ್ಲ ಜನವರಿ ಒಂದನ್ನೇ ಬರೆದುಕೊಂಡಿದ್ದರು.

"ಜನವರಿ ಒಂದಮ್ಮಾ, ಜನವರಿ ಒಂದು" ಎಂದರು ನೀಲಮ್ಮನವರು. "ಅದು ಸರ್ಕಾರದ್ ಹುಟ್ದಬ್ಬ. ಮೊದ್ಲು ಹೇಳಿದ್ದು ನಮ್ಮಮ್ಮ ಹೇಳಿದ್ದು."

ಹುಡುಗಿ ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ಅನುಮಾನ ಬಂದು ಫೋನಿಟ್ಟುಬಿಟ್ಟರೆ? ಕೊನೆಗೆ ಅವಳೆಂದಳು, "ಆ ನಂಬರಿಂದ ಜಾಸ್ತಿ ಯಾವ ನಂಬರ್‌ಗೆ ಕಾಲ್ ಮಾಡ್ತಾರೆ ಹೇಳ್ತೀರಾ?"

"ನಂಗೇ ಮಾಡೋದು. ಊಟಕ್ ಬರ್ಲಾ ಅಂತ ದಿನಾ ಕೆಳಗಿಂದ ಮಾಡ್ತಾರೆ. ಮೆಟ್ಲು ಹತ್ತಕ್ಕೆ ಬೇಜಾರು ಅವ್ರಿಗೆ." ತಮ್ಮ ನಂಬರು ಹೇಳಿದರು.

ಸಿಮ್ ನಿಂತಿತು. ಇನ್ನು ಓಟಿಪಿಗಳು ಆ ಫೋನಿಗೆ ಹೋಗುವುದಿಲ್ಲ.

ಎರಡನೆಯದು ಬ್ಯಾಂಕು. ಪಾಸ್‌ಬುಕ್ಕಿನ ಹಿಂದಿದ್ದ ನಂಬರಿಗೆ ಕರೆ ಮಾಡಿ ಯುಪಿಐ ನಿಲ್ಲಿಸಿದರು. ನಾನು ಅಷ್ಟರಲ್ಲಿ ಪ್ಲೇಹೋಮ್ ತಲುಪಿದ್ದೆ. ಪುಟ್ಟಿ ನನ್ನ ಭುಜಕ್ಕೆ ಅಂಟಿಕೊಂಡಳು, ಮೈ ಕೆಂಡ. ಕ್ಲಿನಿಕ್ಕಿಗೆ ನಡೆದೇ ಹೊರಟೆ. ಒಂದು ಕಿವಿಯಲ್ಲಿ ಅವಳ ಅಳು, ಇನ್ನೊಂದರಲ್ಲಿ ನೀಲಮ್ಮನವರು.

"ಮೂರ್ನೇದು ಓದ್ತೀನಿ. 'ಕಂಪ್ಯೂಟರಿಗೆ ದೂರದಿಂದ ಬರುವ ಆ್ಯಪಿನಲ್ಲಿ ಪಾಸ್‌ವರ್ಡ್ ಬದಲಿಸಿ. ಮೊದಲು ಒಪ್ಪಿಗೆ ಕೊಟ್ಟು ನೆನಪಿಟ್ಟ ಫೋನುಗಳನ್ನೂ ಅಳಿಸಿ. ಪಾಸ್‌ವರ್ಡ್ ಒಂದನ್ನೇ ಬದಲಿಸಿದರೆ ಸಾಲದು.' ಇದು ಎರಡ್ನೇ ಪುಟದ್ದೇ ಅಲ್ವಾ? ಮಾಡಿದೀನಿ ಇದನ್ನ."

"ಹೂಂ, ಹಂಗೇ ಮಾಡಿ."

ಕೀಬೋರ್ಡಿನ ಸದ್ದು. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು. ನಡುವೆ ಯಾರೋ ಗಿರಾಕಿ ಬಂದು ಬೂದುಗುಂಬಳಕ್ಕೆ ಹಚ್ಚುವ ಕುಂಕುಮ ಕೇಳಿದರು. "ಸ್ವಲ್ಪ ನಿಲ್ಲಪ್ಪಾ, ಬಾಗ್ಲು ಹಾಕ್ತಾ ಇದೀನಿ." "ಬಾಗ್ಲು ತೆಗ್ದೇ ಇದ್ಯಲ್ಲ ಆಂಟಿ?" "ಅದು ನಿಂಗೆ ಕಾಣಲ್ಲ."

ಕ್ಲಿನಿಕ್ಕಿನ ಬೆಂಚಿನಲ್ಲಿ ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ.

"ಸುಮಾ." ದನಿ ತೀರಾ ಕೆಳಗಿಳಿದಿತ್ತು. "ಪರದೆ ಮೇಲೆ ಒಂದು ಪೆಟ್ಟಿಗೆ ಬಂತು ಕಣೇ. ಯಾರೋ ಒಳಗ್ ಬರ್ತೀನಿ ಅಂತಿದಾರೆ. ಒಪ್ಪಿಗೆ, ಬೇಡ, ಎರಡ್ ಗುಂಡಿ ಇದೆ."

ಹಾಗಾದರೆ ಫೋನು ಚಾರ್ಜ್ ಆಗಿದೆ. ಯಾರೋ ಅದನ್ನು ತೆರೆದಿದ್ದಾರೆ.

"ಬೇಡ ಒತ್ತಿ! ಬೇಡ!"

"ಒತ್ದೆ."

"ಹೋಯ್ತಾ?"

"ಹೋಯ್ತು... ಇಲ್ಲ, ಮತ್ ಬಂತು! ಏನ್ ಹಠ ಇವ್ನಿಗೆ!"

"ಮತ್ತೆ ಬೇಡ ಅನ್ನಿ. ಅಮ್ಮಾ, ಆ ಪೆಟ್ಟಿಗೇಲಿ ಒಂದು ನಂಬರ್ ಇರುತ್ತೆ ನೋಡಿ. ಎರಡ್ನೇ ಪುಟದಲ್ಲಿ ಯಾರ್ ಯಾರು ಬರ್ಬೋದು ಅಂತ ಬರ್ದಿದೀನಿ, ಅವರವರ ನಂಬರ್ ಪಕ್ಕದಲ್ಲೇ ಇದೆ. ಹಳೇ ಫೋನಿಂದೂ ಇದೆ. ಹೋಲಿಸಿ ನೋಡಿ."

ಅವರು ಅಂಕಿ ಅಂಕಿ ಓದುವುದು ಕೇಳಿಸುತ್ತಿತ್ತು, ಬೆರಳಿಟ್ಟು ಓದುತ್ತಿದ್ದರೆಂದು ನನಗೆ ಗೊತ್ತು. ಡಾಕ್ಟರ ಕೋಣೆಯಿಂದ ನಮ್ಮ ಹೆಸರು ಕೂಗಿದರು. ಎದ್ದೆ. ಇಯರ್‌ಫೋನ್ ಕಿವಿಯಲ್ಲೇ ಇತ್ತು.

"ಫೋನಿಂದಲ್ಲ" ಎಂದರು. ಆಮೇಲೆ, ಉಸಿರು ಬಿಟ್ಟು, "ಯಶ್ವಂತ್ ಕಣೇ. ಯಶ್ವಂತಂದು ನಂಬರ್."

ಅದೇ ಹೊತ್ತಿಗೆ ನನ್ನ ಮೊಬೈಲಿಗೆ ಯಶ್ವಂತನ ಕರೆಯೇ ಬಂತು. ಅಂಗಡಿಯ ನಂಬರು ಸ್ವಿಚ್ ಆಫ್ ಬರುತ್ತಿದೆಯೆಂದು ನನಗೆ ಮಾಡಿದ್ದ. "ಏನ್ ಮೇಡಮ್, ದಿನಾ ಸೀದಾ ಒಳಗ್ ಹೋಗ್ತಿದ್ದೆ, ಇವತ್ತು ಎರಡು ಸಲ ರಿಜೆಕ್ಟ್! ಹಬ್ಬಕ್ಕೆ ಮುಂಚೆ ಅಪ್‌ಡೇಟ್ ಹಾಕ್ಬಿಡೋಣ ಅಂತ..."

ಎರಡು ಕರೆಗಳನ್ನೂ ಸೇರಿಸಿದೆ. ನೀಲಮ್ಮನವರು ಅವನಿಗೆ ಹೇಳಿದ್ದು ಇಷ್ಟೇ: "ಯಾರೇ ಆಗ್ಲಿ, ಇವತ್ತು ಒಳಗೆ ಬೇಡಪ್ಪ. ಇನ್ಮೇಲೆ ಫೋನ್ ಮಾಡಿ, ನಾನು ಹೂಂ ಅಂದ್ಮೇಲೆ ಬಾ. ನೀನೇ ಆದ್ರೂ ನಾಕ್ ಕಾಸಿನ್ ಮರ್ಯಾದೆ ಇರ್ಬೇಕಲ್ಲ ಬಾಗಿಲಿಗೆ."

"ಸರಿ ಆಂಟಿ, ಸರಿ ಆಂಟಿ."

ಪುಟ್ಟಿಗೆ ಬಂದದ್ದು ಹವಾಮಾನದ ಜ್ವರ, ಗಾಬರಿಯಿಲ್ಲ ಎಂದರು ಡಾಕ್ಟರು. ಔಷಧಿ ತೆಗೆದುಕೊಂಡು ಮನೆಗೆ ಬಂದೆ. ಅವಳನ್ನು ಮಲಗಿಸಿ, ಒದ್ದೆ ಬಟ್ಟೆ ಹಣೆಗಿಟ್ಟು, ಮತ್ತೆ ಕರೆ ಮಾಡುವಷ್ಟರಲ್ಲಿ ನೀಲಮ್ಮನವರು ಮೇಲೆ ಹೋಗಿ ಲಕೋಟೆ ತಂದಿದ್ದರು. ಗೂಗಲ್ ಖಾತೆ 'ನಿಮ್ಮ ಫೋನಿಗೆ ಸೂಚನೆ ಕಳಿಸಿದ್ದೇವೆ' ಎಂದಾಗ 'ಬೇರೆ ದಾರಿ' ಒತ್ತಿ, ಎರಡನೆಯ ಬ್ಯಾಕಪ್ ಕೋಡು ಹಾಕಿ, ಹೊಡೆದುಹಾಕಿ, ಖಾತೆಯಿಂದ ಆ ಫೋನನ್ನು ಹೊರಹಾಕಿದ್ದರು. ಪಾಸ್‌ವರ್ಡೂ ಹೊಸದು. ಖಾತೆಗೆ ಸೇರಿದ ಸಾಧನಗಳ ಪಟ್ಟಿಯಲ್ಲಿ ಆ ಫೋನು ಕೊನೆಗೆ ಕಾಣಿಸಿಕೊಂಡದ್ದು ನಿನ್ನೆ ಎಂದಿತ್ತು.

"ಅಂದ್ರೆ ಇನ್ನೂ ಯಾರೂ ಹಚ್ಚಿಲ್ಲ ಅಲ್ವಾ?"

"ಹಚ್ಚಿದ್ರೂ ಇಂಟರ್ನೆಟ್ ಸಿಕ್ಕಿಲ್ಲ ಅಂತ ಅಷ್ಟೇ ಅಮ್ಮಾ. ನಂಬ್ಕೊಂಡು ಕೂರೋ ಹಾಗಿಲ್ಲ."

"ನೀನೂ ಕಹಿಬೇವೇ" ಎಂದು ಗೊಣಗಿ, ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಲು ಹೋದರು.

ಉಳಿದದ್ದು ವಾಟ್ಸ್ಆ್ಯಪ್. ಎಲ್ಲಕ್ಕಿಂತ ಭಯ ಅದರದೇ. ಸಿಮ್ ನಿಂತರೂ, ಯಾರದೋ ವೈಫೈ ಸಿಕ್ಕರೆ ಆ ಫೋನಿನಲ್ಲಿ ವಾಟ್ಸ್ಆ್ಯಪ್ ನಡೆಯುತ್ತದೆ. 'ಹಬ್ಬದ ಆರ್ಡರಿಗೆ ಈ ನಂಬರಿಗೆ ದುಡ್ಡು ಹಾಕಿ' ಎಂದು ಒಂದು ಸಾಲು ಬರೆದರೆ ಸಾಕು, ನಮ್ಮ ಗಿರಾಕಿಗಳು ಹಾಕಿಬಿಡುತ್ತಾರೆ. ಅಂಗಡಿಯ ಮೇಲೆ ಅಷ್ಟು ನಂಬಿಕೆ. ಅದನ್ನು ತಪ್ಪಿಸುವ ದಾರಿ ಒಂದೇ: ಅದೇ ನಂಬರಿನ ಹೊಸ ಸಿಮ್ ತಂದು, ಬೇರೆ ಫೋನಿನಲ್ಲಿ ವಾಟ್ಸ್ಆ್ಯಪ್ ತೆರೆಯಬೇಕು. ಆಗ ಹಳೆಯದು ತಾನಾಗಿಯೇ ಹೊರಬೀಳುತ್ತದೆ.

ಕಂಪ್ಯೂಟರಿನಲ್ಲಿ ತೆರೆದಿದ್ದ ವಾಟ್ಸ್ಆ್ಯಪ್ ಫೋನಿಲ್ಲದೆಯೂ ಇನ್ನೂ ನಡೆಯುತ್ತಿತ್ತು. ನೀಲಮ್ಮನವರು ಅದರಲ್ಲಿ ಪಟ್ಟಿ ಕಳಿಸಿದ್ದವರಿಗೆಲ್ಲ ಒಂದೇ ಮಾತು ಟೈಪ್ ಮಾಡಿದರು: 'ಅಂಗಡಿ ಫೋನು ಕಳೆದಿದೆ. ಈ ನಂಬರಿಂದ ದುಡ್ಡು ಕೇಳಿದರೆ ಕೊಡಬೇಡಿ. ಸಾಮಾನು ಅಂಗಡಿಗೆ ಬಂದು ಒಯ್ಯಿರಿ. ಇಂತಿ ನೀಲಮ್ಮ.' ತಪ್ಪಿಲ್ಲದೆ ಬರೆದಿದ್ದಾರೆಯೇ ಎಂದು ನನಗೆ ಓದಿ ಹೇಳಿದರು. 'ನೀಲಮ್ಮ' ಎಂಬಲ್ಲಿ ಸ್ವಲ್ಪ ತಡೆದರು.

"ಅವ್ರ್ ಹೆಸ್ರು ಹಾಕ್ಲಾ?"

"ಅಂಗಡಿ ಯಾರ್ ಹೆಸ್ರಲ್ಲಿದೆ ಅಮ್ಮಾ?"

ಕಳಿಸಿದರು.

ಹಬ್ಬದ ವ್ಯಾಪಾರದ ನಟ್ಟನಡುವೆ ಶಟರ್ ಅರ್ಧ ಎಳೆದು, ಆಧಾರ್ ಕಾರ್ಡ್ ಸೆರಗಿನಲ್ಲಿ ಸುತ್ತಿಕೊಂಡು ವಿಜಯನಗರದ ಸಿಮ್ ಕಂಪನಿಯ ಅಂಗಡಿಗೆ ಹೋದರು. ಅಲ್ಲಿಂದ ಅವರ ಕರೆ ಬಂದಾಗ ದನಿಯಲ್ಲಿ ಅಳುವಿತ್ತು.

"ಬೆರಳು ಬರ್ತಾ ಇಲ್ಲ ಕಣೇ. ಹೆಬ್ಬೆಟ್ಟು ಇಟ್ರೆ ಮೆಷಿನ್ನು ಗೊತ್ತಿಲ್ಲ ಅಂತಿದೆ. ಅರಿಶಿನ ಉಜ್ಜಿ ಉಜ್ಜಿ ಗೆರೆಯೆಲ್ಲ ಸವ್ದೋಗಿದ್ಯಂತೆ. ನಾನ್ ನಾನೇ ಅಂತ ನಾನೇ ತೋರ್ಸಕ್ಕೆ ಆಗ್ತಾ ಇಲ್ಲ!"

"ಬೇರೆ ಬೆರಳು ಇಡಿ ಅಮ್ಮಾ. ಒದ್ದೆ ಬಟ್ಟೇಲಿ ಒರೆಸಿ. ಎಡಗೈ ನೋಡಿ, ಅದ್ರಲ್ಲಿ ಅರಿಶಿನ ಉಜ್ಜಲ್ವಲ್ಲ ನೀವು."

ಫೋನ್ ಹಾಗೇ ಹಿಡಿದಿದ್ದೆ. ಪುಟ್ಟಿ ನಿದ್ದೆಯಲ್ಲಿ ಮುಲುಗಿದಳು. ಅವಳ ಅಂಗೈ ನನ್ನ ಬೆರಳನ್ನು ಹಿಡಿದುಕೊಂಡಿತ್ತು. ಅತ್ತಲಿಂದ ಮೆಷಿನ್ನು 'ಟುಂಯ್' ಎಂದಿತು. ಮತ್ತೆ ಇನ್ನೊಂದು ಸಲ, ಬೇರೆ ಸದ್ದು.

"ಉಂಗುರದ ಬೆರಳು ತಗೊಂತು" ಎಂದರು.

ಹೊಸ ಸಿಮ್ಮಿಗೆ ಜೀವ ಬರುವಷ್ಟರಲ್ಲಿ ಸಂಜೆಯಾಯಿತು. ಅಂಗಡಿಯಲ್ಲಿ ಗಿರಾಕಿಗಳ ನಡುವೆಯೇ, ಲ್ಯಾಂಡ್‌ಲೈನಿನಲ್ಲಿ ನನ್ನ ಜೊತೆ ಮಾತಾಡುತ್ತಾ, ತಮ್ಮ ಮೊಬೈಲಿನ ಎರಡನೆಯ ಖಾನೆಗೆ ಅದನ್ನು ಹಾಕಿ, ವಾಟ್ಸ್ಆ್ಯಪ್ ತೆರೆದರು. ಓಟಿಪಿ ಬರಲಿಲ್ಲ.

"ಬರಲ್ಲ ಅಮ್ಮಾ. ನೋಟಲ್ಲಿ ಓದಿ."

"'ಸಿಮ್ ಬದಲಿಸಿದ ಮೇಲೆ ಒಂದು ದಿನ ಮೆಸೇಜು ಬರುವುದಿಲ್ಲ, ಅದು ಕಳ್ಳರಿಗಾಗಿ ಇಟ್ಟ ತಡೆ. ಗಾಬರಿಯಾಗಬೇಡಿ. ಕರೆ ಮಾಡಿ ಹೇಳು ಎಂಬುದನ್ನು ಒತ್ತಿ.' ಒತ್ದೆ."

ಕರೆ ಬಂತು. ಯಾರೋ ಯಂತ್ರದ ದನಿಯಲ್ಲಿ ಅಂಕಿ ಹೇಳಿದರು. ಹಾಕಿದರು. ಆಮೇಲೆ ಅದು ಆರಂಕಿಯ ಪಿನ್ ಕೇಳಿತು. ಈ ಪಿನ್ ನನಗೆ ಗೊತ್ತಿಲ್ಲ, ಚನ್ನಮಲ್ಲಪ್ಪನವರಿಗೆ ಗೊತ್ತಿಲ್ಲ, ಯಾವ ಹಾಳೆಯಲ್ಲೂ ಇಲ್ಲ. ಇದೊಂದು ತಪ್ಪಿದರೆ ದಿನಗಟ್ಟಲೆ ಕಾಯಬೇಕು, ಆ ದಿನಗಳೇ ಹಬ್ಬ.

"ನೆನಪಿದ್ಯಾ ಅಮ್ಮಾ?"

ಒಂದೊಂದೇ ಅಂಕಿ ಒತ್ತುವ ಸದ್ದು ಕೇಳಿಸಿತು. ಆಮೇಲೆ ಒಮ್ಮೆಲೇ ಫೋನಿನಲ್ಲಿ ಟಣಟಣನೆ ಮೆಸೇಜುಗಳ ಮಳೆ ಕೇಳಿಸಿತು. ನನಗೆ ಅಳು ಬಂತು.

"ನಾನೇ ಇಟ್ಟಿದ್ದಲ್ಲ, ಮರೀತೀನಾ" ಎಂದರು. "ಯಾವ್ದು ಅಂತ ಕೇಳ್ಬೇಡ."

ಮಾರನೆಯ ದಿನ ಪುಟ್ಟಿಯ ಜ್ವರ ಇಳಿದಿತ್ತು, ಅವಳನ್ನು ಎತ್ತಿಕೊಂಡೇ ಅಂಗಡಿಗೆ ಹೋದೆ. ಬೀದಿಯ ಗಿರಾಕಿಗಳು ಒಬ್ಬೊಬ್ಬರೇ ಬಂದು ಮೆಸೇಜಿನ ಬಗ್ಗೆ ವಿಚಾರಿಸುತ್ತಿದ್ದರು. ದುಡ್ಡು ಕೇಳಿ ಯಾರಿಗೂ ಏನೂ ಬಂದಿರಲಿಲ್ಲ. ನಾನಿದ್ದಾಗಲೇ ಅಂಗಡಿಯ ನಂಬರು ರಿಂಗಾಯಿತು. ನೀಲಮ್ಮನವರು ಕುಂಕುಮದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದರು.

"ಗ್ರಂಥಿಗೆ ಅಂಗಡಿ, ನೀಲಮ್ಮ ಮಾತಾಡ್ತಿರೋದು."

ಅತ್ತ ಚನ್ನಮಲ್ಲಪ್ಪನವರು. ಆಸ್ಪತ್ರೆಯಲ್ಲಿ ಯಾರೋ ನೆಂಟರು ಮೆಸೇಜು ತೋರಿಸಿದ್ದರಂತೆ. ಅವರು ಕಿರುಚುವುದು ನನಗೂ ಕೇಳಿಸುತ್ತಿತ್ತು: "ಫೋನ್ ಹೋಯ್ತಂತೆ? ನಾನ್ ಹೇಳಿರ್ಲಿಲ್ವಾ? ಮುಚ್ಚಿದ್ಯಾ?"

"ಎಲ್ಲಾ ಮುಚ್ಚಾಯ್ತು ರೀ" ಎಂದರು ನೀಲಮ್ಮನವರು. "ಹೊರಗಿಂದ ಬರೋ ಬಾಗಿಲೆಲ್ಲ. ಶಟರ್ ಮಾತ್ರ ತೆಗ್ದಿದೀನಿ, ಗಿರಾಕಿ ನಿಂತಿದಾರೆ. ಆಮೇಲ್ ಮಾಡಿ."

ಫೋನಿಟ್ಟು, ಕೊನೆಯ ಪುಟದ ಸಾಲುಗಳಿಗೆಲ್ಲ ಒಂದೊಂದಾಗಿ ಬೊಟ್ಟಿಟ್ಟರು. ಆಮೇಲೆ ಆ ಪುಟವನ್ನೇ ಕಿತ್ತು ಎಲ್ಲಕ್ಕಿಂತ ಮೊದಲಿಗೆ ಇಟ್ಟು ಪಿನ್ನು ಹೊಡೆದರು. ವೈಫೈ ಪೆಟ್ಟಿಗೆ, ಕ್ಯಾಮೆರಾ ಡಬ್ಬ, ಕಂಪ್ಯೂಟರು, ಚಾರ್ಜರು, ಎಲ್ಲದರ ಮೇಲೂ ಪೊಟ್ಟಣದ ಚೀಟಿ ಅಂಟಿಸಿ ತಮ್ಮ ದುಂಡು ಅಕ್ಷರದಲ್ಲಿ 'ಕೊಡುವಂತಿಲ್ಲ' ಎಂದು ಬರೆದರು. ಆಯುಧಪೂಜೆಯ ದಿನ ಆ ಚೀಟಿಗಳ ಮೇಲೇ ಅರಿಶಿನ ಕುಂಕುಮ ಹಚ್ಚಿದರು.

ಟಬ್ಬಿನವನು ಮುಂದಿನ ವಾರ ಮತ್ತೆ ಬಂದನಂತೆ. ಕೇಳಿದ್ದಕ್ಕೆ, ಗೋಣೀಚೀಲದಲ್ಲಿ ತುಂಬಿ ಯಾರಿಗೋ ಕೊಟ್ಟಾಯಿತು ಎಂದನಂತೆ. ಆ ಫೋನು ಎಲ್ಲಿ ಹೋಯಿತೋ ಗೊತ್ತಿಲ್ಲ. ಎಲ್ಲೇ ಇರಲಿ, ಅದು ಈಗ ಯಾವ ಬಾಗಿಲಿಗೂ ಕೀಲಿಯಲ್ಲ.

ಆ ಟಬ್ಬನ್ನು ಮಾತ್ರ ನೀಲಮ್ಮನವರು ಅಂಗಡಿಯಲ್ಲಿಟ್ಟುಕೊಳ್ಳಲಿಲ್ಲ. "ನೋಡಿದ್ರೆ ಹೊಟ್ಟೆ ಉರಿಯುತ್ತೆ, ತಗೊಂಡ್ ಹೋಗು" ಎಂದು ಅದರ ತುಂಬ ಅರಿಶಿನ, ಸೀಗೇಪುಡಿ, ಒಂದು ಕಟ್ಟು ಬಜೆ ಹಾಕಿ ನನ್ನ ಮನೆ ಸಾಮಾನಿನ ಟೆಂಪೋಗೆ ಏರಿಸಿದರು. ಬ್ಯಾಡರಹಳ್ಳಿಯ ಮನೆಯ ಬಚ್ಚಲಿನಲ್ಲಿ ಪುಟ್ಟಿ ಈಗ ಅದರಲ್ಲೇ ಕೂತು ನೀರಾಡುತ್ತಾಳೆ. ಮೊನ್ನೆ ಜಿಎಸ್‌ಟಿ ಬಗ್ಗೆ ಏನೋ ಕೇಳಲು ನೀಲಮ್ಮನವರು ಕರೆ ಮಾಡಿದ್ದರು. ಬೇಕಾದರೆ ನನ್ನ ಕಂಪ್ಯೂಟರಿನಿಂದಲೇ ಬಂದು ನೋಡಿಕೊಡುತ್ತೇನೆ, ಒಂದು ಸಲ ಒಪ್ಪಿಗೆ ಕೊಡಿ ಎಂದೆ.

"ತಡಿ, ನಂಬರ್ ಹೇಳು" ಎಂದರು. "ಮೊದ್ಲು ಆ ಯಾರ್ ಯಾರು ಬರ್ಬೋದು ಅನ್ನೋ ಪುಟದಲ್ಲಿ ಬರ್ಕೊಳ್ತೀನಿ. ಕೆಲ್ಸ ಆದ್ಮೇಲೆ ಅಳಿಸ್ಬೇಕಲ್ಲ."